ಬಣ್ಣವೋ, ಗೆರೆಯೋ?

1985ರಲ್ಲಿ ಅಮೆರಿಕದ ರಕ್ತನಿಧಿಗಳಿಗೆ ಎಚ್‌ಐವಿ ಪತ್ತೆಹಚ್ಚುವ ಎಲಿಸಾ ಪರೀಕ್ಷೆ ಬಂತು. ಅದು ಬಂದ ಮೇಲೆ, ವೈರಸ್ ಸೋಕೇ ಇಲ್ಲದ ಕೆಲವರ ರಕ್ತವೂ ಪಾಸಿಟಿವ್ ಎಂದು ತೋರಿಸತೊಡಗಿತು. ಹಲವು ಹೆರಿಗೆ ಕಂಡ ತಾಯಂದಿರು, ಪದೇಪದೇ ರಕ್ತ ಹಾಕಿಸಿಕೊಂಡವರು ಅವರಲ್ಲಿದ್ದರು. ಹೀಗೇಕಾಯಿತು ಎಂದು ತಿಳಿಯಲು ಆ ಪರೀಕ್ಷೆಯ ಒಳಗನ್ನು ನೋಡಬೇಕು.

ಎಲಿಸಾ ನಡೆಯುವುದು 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಗುಳಿಯ ತಳಕ್ಕೆ ವೈರಸ್ಸಿನ ಪ್ರೋಟೀನ್ ಮೊದಲೇ ಅಂಟಿಸಿರುತ್ತಾರೆ. ಅದರ ಮೇಲೆ ರೋಗಿಯ ರಕ್ತದ ಸೀರಮ್ ಹಾಕುತ್ತಾರೆ. ಅದರಲ್ಲಿ ಎಚ್‌ಐವಿ ವಿರುದ್ಧದ ಪ್ರತಿಕಾಯಗಳಿದ್ದರೆ ಆ ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಉಳಿದದ್ದು ತೊಳೆದಾಗ ಹೋಗುತ್ತದೆ. ಆಮೇಲೆ, ಮನುಷ್ಯನ ಪ್ರತಿಕಾಯವನ್ನೇ ಹಿಡಿಯುವ ಎರಡನೆಯ ಪ್ರತಿಕಾಯ ಬರುತ್ತದೆ. ಅದರ ಬೆನ್ನಿಗೆ ಒಂದು ಕಿಣ್ವ ಕಟ್ಟಿರುತ್ತದೆ. ಬಣ್ಣವಿಲ್ಲದ ರಾಸಾಯನಿಕ ಸುರಿದರೆ ಕಿಣ್ವ ಅದಕ್ಕೆ ಬಣ್ಣ ಬರಿಸುತ್ತದೆ. ಬಣ್ಣ ಎಷ್ಟು ಗಾಢವೋ ಪ್ರತಿಕಾಯ ಅಷ್ಟು ಹೆಚ್ಚು.

ಆದರೆ ಬಣ್ಣ ಹೇಳುವುದು ಏನೋ ಅಂಟಿತು ಎಂಬುದನ್ನಷ್ಟೇ. ಯಾವುದಕ್ಕೆ ಅಂಟಿತು ಎಂದು ಅದು ಹೇಳುವುದಿಲ್ಲ. ಆಗಿನ ಕಿಟ್‌ಗಳ ವೈರಸ್ಸನ್ನು ಮನುಷ್ಯನ ಜೀವಕೋಶಗಳಲ್ಲೇ ಬೆಳೆಸುತ್ತಿದ್ದರು. ಹಾಗಾಗಿ ವೈರಸ್ಸಿನ ಜೊತೆಗೆ ಆ ಕೋಶಗಳ ಪ್ರೋಟೀನೂ ಗುಳಿಯಲ್ಲಿ ಸೇರಿಕೊಳ್ಳುತ್ತಿತ್ತು. ಗರ್ಭದಲ್ಲಿರುವ ಮಗುವಿಗೆ ತಂದೆಯಿಂದ ಬಂದ ಕೋಶಪ್ರೋಟೀನುಗಳ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸುವುದುಂಟು. ಅಂಥ ಪ್ರತಿಕಾಯ ಗುಳಿಯ ಕೋಶಪ್ರೋಟೀನನ್ನು ಹಿಡಿದರೂ ಅದೇ ಬಣ್ಣ ಬರುತ್ತಿತ್ತು.

ಕಾಯಿಲೆ ವಿರಳವಾಗಿದ್ದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಹತ್ತು ಸಾವಿರ ರಕ್ತದಾನಿಗಳಲ್ಲಿ 20 ಜನಕ್ಕೆ ಸೋಂಕಿದೆ, ಪರೀಕ್ಷೆ ಆ ಇಪ್ಪತ್ತನ್ನೂ ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಸಾವಿರಕ್ಕೆ ಐವರ ವಿಷಯದಲ್ಲಿ ಮಾತ್ರ ತಪ್ಪುತ್ತದೆ ಎಂದಿಟ್ಟುಕೊಳ್ಳಿ. ಪಾಸಿಟಿವ್ ಬಂದ ಸುಮಾರು 70 ಜನರಲ್ಲಿ 50 ಜನಕ್ಕೆ ಸೋಂಕೇ ಇರುವುದಿಲ್ಲ. ಆ ಕಾಲದಲ್ಲಿ ಅಂಥ ಚೀಟಿ ಕೈಗೆ ಬಂದವರ ಪಾಡು ನೆನೆದರೆ, ಎರಡನೆಯ ಪರೀಕ್ಷೆ ಎಷ್ಟು ಅಗತ್ಯವಿತ್ತೆಂದು ತಿಳಿಯುತ್ತದೆ.

ಆ ಎರಡನೆಯ ಪರೀಕ್ಷೆಯೇ ವೆಸ್ಟರ್ನ್ ಬ್ಲಾಟ್. ಇಲ್ಲಿ ವೈರಸ್ಸಿನ ಪ್ರೋಟೀನುಗಳನ್ನು ಎಸ್‌ಡಿಎಸ್ ಎಂಬ ಮಾರ್ಜಕದಲ್ಲಿ ಕುದಿಸುತ್ತಾರೆ. ಮಡಿಕೆ ಬಿಚ್ಚಿಕೊಂಡ ಪ್ರೋಟೀನಿನ ಮೈಗೆಲ್ಲ ಋಣ ವಿದ್ಯುದಂಶ ಮೆತ್ತಿಕೊಳ್ಳುತ್ತದೆ. ವಿದ್ಯುತ್ ಹರಿಸಿದರೆ ಎಲ್ಲವೂ ಜೆಲ್ಲಿನೊಳಗೆ ಓಡುತ್ತವೆ. ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಹೀಗೆ ಬೇರೆಯಾದ ಪ್ರೋಟೀನುಗಳನ್ನು ನೈಟ್ರೋಸೆಲ್ಯುಲೋಸ್ ಹಾಳೆಗೆ ವರ್ಗಾಯಿಸುತ್ತಾರೆ. ಪ್ರತಿಕಾಯ ಹಾಳೆಯ ಖಾಲಿ ಜಾಗಕ್ಕೆ ಅಂಟದಂತೆ ಅದನ್ನು ಮೊದಲು ನೂರಕ್ಕೆ ಐದರಷ್ಟು ಹಾಲಿನ ಪುಡಿ ಕದಡಿದ ದ್ರಾವಣದಲ್ಲಿ ನೆನೆಸುವುದು ಲ್ಯಾಬುಗಳಲ್ಲಿ ಇಂದಿಗೂ ರೂಢಿ. ಮುಂದಿನದು ಎಲಿಸಾದ ಹಾಗೆಯೇ: ಸೀರಮ್, ತೊಳೆತ, ಕಿಣ್ವ ಹೊತ್ತ ಪ್ರತಿಕಾಯ.

ಈಗ ಗೆರೆ ಮೂಡಿದ ಜಾಗವೇ ಪ್ರೋಟೀನಿನ ಗುರುತು. ಪಿ24, ಜಿಪಿ41, ಜಿಪಿ120 ಎಂಬ ಹೆಸರುಗಳಲ್ಲಿರುವ ಅಂಕಿ ಅವುಗಳ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ. ಪಿ24, ಜಿಪಿ41, ಜಿಪಿ120/160 ಈ ಮೂರರಲ್ಲಿ ಎರಡಾದರೂ ಕಂಡರೆ ಪಾಸಿಟಿವ್ ಎಂಬ ನಿಯಮ ಅಮೆರಿಕದಲ್ಲಿ ಚಾಲ್ತಿಗೆ ಬಂತು. ಪಿ24 ಒಂದೇ ಕಂಡರೆ ತೀರ್ಮಾನವಿಲ್ಲ. ಕೋಶಪ್ರೋಟೀನಿಗೆ ಅಂಟಿದ ಪ್ರತಿಕಾಯ ಬೇರೆ ಜಾಗದಲ್ಲಿ ಗೆರೆ ಎಳೆದು ಸಿಕ್ಕಿಬೀಳುತ್ತದೆ.

ಈ ವೆಸ್ಟರ್ನ್ ಬ್ಲಾಟನ್ನೂ 2014ರಲ್ಲಿ ಅಮೆರಿಕದ ಸಿಡಿಸಿ ತನ್ನ ಶಿಫಾರಸಿನಿಂದ ಕೈಬಿಟ್ಟಿತು. ಅಷ್ಟರಲ್ಲಿ ಎಲಿಸಾ ಮಾದರಿಯ ಹೊಸ ಪರೀಕ್ಷೆಗಳು ಪ್ರತಿಕಾಯದ ಜೊತೆ ವೈರಸ್ಸಿನ ಪಿ24 ಪ್ರೋಟೀನನ್ನೂ ಹಿಡಿಯತೊಡಗಿದ್ದವು. ಸೋಂಕಿನ ಮೊದಲ ವಾರಗಳಲ್ಲಿ ಅವು ಪಾಸಿಟಿವ್ ಎಂದರೂ ಬ್ಲಾಟಿನಲ್ಲಿ ಗೆರೆ ಇನ್ನೂ ಮೂಡಿರುತ್ತಿರಲಿಲ್ಲ. ಎಚ್‌ಐವಿ-2ರ ಸೋಂಕನ್ನು ಎಚ್‌ಐವಿ-1 ಎಂದು ಓದಿಬಿಡುವ ದೋಷವೂ ಬ್ಲಾಟಿಗಿತ್ತು.

ಪ್ರೋಟೀನಿನ ಬಗ್ಗೆ ಪ್ರಶ್ನೆ ಹಿಡಿದು ಕೂತ ಸಂಶೋಧಕರ ಮುಂದಿರುವ ಆಯ್ಕೆಯೂ ಇದೇ. ನೂರಾರು ರೋಗಿಗಳ ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ಅಳೆಯಬೇಕಾದರೆ ಎಲಿಸಾ ಬೇಕು. ಅಂಥ ಅಲ್ಪ ಪ್ರಮಾಣ ಬ್ಲಾಟಿನಲ್ಲಿ ಕಾಣುವುದು ಕಷ್ಟ. ಇನ್ನೊಬ್ಬರಿಗೆ ಬೇಕಾದದ್ದು, ತಮ್ಮ ಔಷಧ ಕ್ಯಾನ್ಸರ್ ಕೋಶವನ್ನು ಸ್ವಯಂಸಾವಿಗೆ ತಳ್ಳಿತೇ ಎಂಬ ಉತ್ತರ. ಹಾಗೆ ಸಾಯುವ ಕೋಶದಲ್ಲಿ 116 ಕಿಲೋಡಾಲ್ಟನ್ನಿನ ಪಾರ್ಪ್ ಎಂಬ ಪ್ರೋಟೀನ್ ತುಂಡಾಗಿ 89ರ ಚೂರು ಉಳಿಯುತ್ತದೆ. ಇಡಿಯನ್ನೂ ಚೂರನ್ನೂ ಒಟ್ಟಿಗೆ ಹಿಡಿಯುವ ಎಲಿಸಾದಲ್ಲಿ ಎರಡಕ್ಕೂ ಒಂದೇ ಬಣ್ಣ; ಬ್ಲಾಟಿನಲ್ಲಿ ಎರಡು ಗೆರೆ ಬೇರೆಬೇರೆಯಾಗಿ ಕಾಣುತ್ತವೆ.

ಎರಡರ ಬಲವೂ ಕೊನೆಗೆ ಪ್ರತಿಕಾಯದ ಮೇಲೆ ನಿಂತಿದೆ. ಪ್ರೋಟೀನಿನ ಮಡಿಕೆಯನ್ನು ಗುರುತಿಸುವ ಪ್ರತಿಕಾಯ ಎಲಿಸಾದಲ್ಲಿ ಚೆನ್ನಾಗಿ ನಡೆದು, ಮಡಿಕೆ ಬಿಚ್ಚಿದ ಬ್ಲಾಟಿನಲ್ಲಿ ಕೈಕೊಡಬಹುದು. ಆದ್ದರಿಂದ ಹೊಸ ಪ್ರತಿಕಾಯ ತಂದವರು ಆ ಪ್ರೋಟೀನಿನ ಜೀನ್ ತೆಗೆದುಹಾಕಿದ ಕೋಶಗಳನ್ನೂ ಪಕ್ಕದ ಸಾಲಿನಲ್ಲಿ ಓಡಿಸಿ ನೋಡಬೇಕು. ಅಲ್ಲಿಯೂ ಅದೇ ಗೆರೆ ಮೂಡಿದರೆ ಪ್ರತಿಕಾಯ ಹಿಡಿಯುತ್ತಿರುವುದು ಬೇರೆ ಯಾವುದೋ ಪ್ರೋಟೀನನ್ನು.