ಎಸ್‌ಒಪಿ: ಮಾಡಿದ ಕೆಲಸಕ್ಕೂ ಓದಬೇಕಾದ ಕೋರ್ಸಿಗೂ ನಡುವಿನ ಕೊಂಡಿ

ವಿದೇಶದಲ್ಲಿ ಸ್ನಾತಕೋತ್ತರ ಪದವಿ ಓದಲು ಅರ್ಜಿ ಹಾಕುವವರಿಂದ ವಿಶ್ವವಿದ್ಯಾಲಯಗಳು ಕೇಳುವ ಒಂದೆರಡು ಪುಟದ ಬರಹವೇ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’. ವಿದ್ಯಾರ್ಥಿಗಳ ಬಾಯಲ್ಲಿ ಅದು ಎಸ್‌ಒಪಿ. ಜರ್ಮನಿಯಲ್ಲಿ ಇದನ್ನೇ ‘ಮೋಟಿವೇಶನ್ ಲೆಟರ್’ ಎಂದು ಕೇಳುವುದು ಹೆಚ್ಚು. ಅಂಕಗಳು ಅಂಕಪಟ್ಟಿಯಲ್ಲಿವೆ, ಕೆಲಸದ ವಿವರ ರೆಸ್ಯೂಮೆಯಲ್ಲಿದೆ. ಇಷ್ಟು ಕೆಲಸ ಮಾಡಿದವರಿಗೆ ಇದೇ ಕೋರ್ಸ್ ಏಕೆ ಬೇಕು ಎಂಬ ಪ್ರಶ್ನೆಗೆ ಮಾತ್ರ ಅವೆರಡರಲ್ಲೂ ಉತ್ತರವಿಲ್ಲ. ಆಯ್ಕೆ ಸಮಿತಿ ಎಸ್‌ಒಪಿಯಲ್ಲಿ ಹುಡುಕುವುದು ಆ ಉತ್ತರವನ್ನು.

ಒಂದು ಉದಾಹರಣೆ ನೋಡಬಹುದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಆ ಜಿಲ್ಲೆ ತಲುಪಿತು. ಅಂಥ ಕೆರೆಗಳ ಸುತ್ತಲಿನ 40 ಕೊಳವೆಬಾವಿಗಳ ನೀರಿನ ಮಟ್ಟವನ್ನು ಎರಡು ವರ್ಷ ಪ್ರತಿ ತಿಂಗಳೂ ಅಳೆದ ಸಿವಿಲ್ ಎಂಜಿನಿಯರ್ ಒಬ್ಬ ಅಂತರ್ಜಲ ವಿಜ್ಞಾನದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕುತ್ತಾನೆ ಎಂದಿಟ್ಟುಕೊಳ್ಳೋಣ. ಅವನ ಮೊದಲ ಕರಡು ಹೀಗಿರುತ್ತದೆ: ‘ಚಿಕ್ಕಂದಿನಿಂದಲೂ ನನಗೆ ನೀರಿನ ಬಗ್ಗೆ ಆಸಕ್ತಿ. ನಮ್ಮ ತಂಡ ಅನೇಕ ಕೊಳವೆಬಾವಿಗಳ ಅಧ್ಯಯನ ನಡೆಸಿತು. ಹೆಚ್ಚಿನ ಜ್ಞಾನಕ್ಕಾಗಿ ನಿಮ್ಮ ಹೆಸರಾಂತ ವಿಶ್ವವಿದ್ಯಾಲಯ ಸೇರಬಯಸುತ್ತೇನೆ.’

ಇದರಲ್ಲಿ ಸುಳ್ಳೇನೂ ಇಲ್ಲ, ಕೊಂಡಿಯೂ ಇಲ್ಲ. ವಿಶ್ವವಿದ್ಯಾಲಯದ ಹೆಸರು ಬದಲಿಸಿ ಬೇರೆಲ್ಲಿಗೆ ಕಳಿಸಿದರೂ ಇದು ಹಾಗೇ ಹೊಂದಿಕೊಳ್ಳುತ್ತದೆ. ದುರ್ಬಲ ಎಸ್‌ಒಪಿಯನ್ನು ಗುರುತಿಸಲು ಇಷ್ಟು ಸಾಕು. ‘ನಮ್ಮ ತಂಡ’ ಎಂಬುದೂ ಇಲ್ಲಿ ತೊಡಕು. ತಾನೊಬ್ಬನೇ ಮಾಡಿದ್ದನ್ನೂ ‘ನಾವು ಮಾಡಿದೆವು’ ಎನ್ನುವುದು ನಮ್ಮಲ್ಲಿ ವಿನಯ. ಓದುವ ಪ್ರಾಧ್ಯಾಪಕರಿಗಾದರೋ ಅರ್ಜಿದಾರನ ಪಾಲು ಎಷ್ಟೆಂದು ತಿಳಿಯುವುದೇ ಇಲ್ಲ.

ಕೊಂಡಿ ಸಿಗುವುದು ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅಲ್ಲಿ. ಈ ಎಂಜಿನಿಯರ್ ತನ್ನ ಅಳತೆ ಪುಸ್ತಕ ತೆರೆದರೆ ಅದು ಕಾಣುತ್ತದೆ. ಕೆರೆ ತುಂಬಿದ ಮೇಲೆ ಹೆಚ್ಚಿನ ಬಾವಿಗಳಲ್ಲಿ ನೀರು ಮೇಲೆ ಬಂದಿದೆ, ಆದರೆ ಏರಿಯಿಂದ 300 ಮೀಟರ್ ದೂರದಲ್ಲೇ ಇರುವ ಮೂರು ಬಾವಿಗಳು ಅಲುಗಿಲ್ಲ. ಕೋಲಾರದ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ಅಲ್ಲಿ ಬಿರುಕುಗಳಲ್ಲಿ ಹರಿಯುತ್ತದೆ, ಆದ್ದರಿಂದ ದೂರವೊಂದನ್ನೇ ನೋಡಿ ಏನನ್ನೂ ಹೇಳಲಾಗದು. ಯಾವ ಬಿರುಕು ಯಾವುದಕ್ಕೆ ಸೇರಿದೆ ಎಂದು ಪತ್ತೆಹಚ್ಚುವ ವಿದ್ಯೆ ಅವನ ಬಿ.ಇ. ಪಠ್ಯದಲ್ಲಿ ಇರಲಿಲ್ಲ, ಮಟ್ಟ ಅಳೆಯುವ ಟೇಪಿನಿಂದ ಅದು ಸಾಧ್ಯವೂ ಇಲ್ಲ.

ತಿದ್ದಿದ ಕರಡು ಇಲ್ಲಿಂದಲೇ ಶುರುವಾಗಬೇಕು: ‘ಎರಡು ವರ್ಷ 40 ಕೊಳವೆಬಾವಿಗಳ ಮಟ್ಟವನ್ನು ನಾನೇ ಅಳೆದೆ. ಕೆರೆಗೆ ಹತ್ತಿರದ ಮೂರು ಬಾವಿಗಳಲ್ಲಿ ನೀರು ಏಕೆ ಏರಲಿಲ್ಲ ಎಂಬುದನ್ನು ವಿವರಿಸಲು ನನ್ನಿಂದ ಆಗಲಿಲ್ಲ.’ ಗೊತ್ತಿಲ್ಲದ್ದನ್ನು ಒಪ್ಪಿಕೊಂಡರೆ ಅರ್ಜಿ ಬಿದ್ದುಹೋಗುತ್ತದೆ ಎಂಬ ಅಂಜಿಕೆ ಅನೇಕರಿಗಿದೆ. ವಾಸ್ತವದಲ್ಲಿ ಇಡೀ ಪತ್ರದಲ್ಲಿ ಹೆಚ್ಚು ತೂಕವಿರುವ ಮಾತು ಇದೇ. ಕೈಯಾರೆ ಅಳೆಯದವನಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ.

ಇನ್ನು ಕೋರ್ಸಿನ ಕಡೆ. ಪ್ರತಿ ವಿಷಯದಲ್ಲಿ ಏನು ಕಲಿಸುತ್ತಾರೆ ಎಂಬ ವಿವರವನ್ನು ವಿಶ್ವವಿದ್ಯಾಲಯಗಳು ಪ್ರಕಟಿಸುತ್ತವೆ. ಜರ್ಮನಿಯಲ್ಲಿ ಅದಕ್ಕೆ ಮಾಡ್ಯೂಲ್ ಕೈಪಿಡಿ ಎಂದೇ ಹೆಸರು. ಅದನ್ನು ಓದಿ, ಪ್ರಶ್ನೆಗೆ ನೇರವಾಗಿ ಒದಗುವ ಎರಡು ವಿಷಯಗಳನ್ನಷ್ಟೇ ಹೆಸರಿಸಿದರೆ ಸಾಕು. ಇವನಿಗೆ ಬಿರುಕು ಶಿಲೆಯಲ್ಲಿ ನೀರಿನ ಹರಿವು ಒಂದು, ನೀರಿನ ಜಾಡು ಹಿಡಿಯುವ ಟ್ರೇಸರ್ ಪರೀಕ್ಷೆ ಇನ್ನೊಂದು. ಐಚ್ಛಿಕ ವಿಷಯಗಳು ಎಲ್ಲ ವರ್ಷವೂ ನಡೆಯುತ್ತವೆ ಎಂಬ ಖಾತ್ರಿಯಿಲ್ಲ. ಹೀಗಾಗಿ ಎರಡರಲ್ಲಿ ಒಂದಾದರೂ ಕಡ್ಡಾಯ ವಿಷಯವಾಗಿದ್ದರೆ ಒಳ್ಳೆಯದು. ಬಿ.ಇ.ಯಲ್ಲೇ ಕಲಿತಿರುವ ವಿಷಯವನ್ನು ಕಾರಣವಾಗಿ ಬರೆದರೆ ಕೈಪಿಡಿ ಓದಿಲ್ಲವೆಂದು ತಿಳಿದುಬಿಡುತ್ತದೆ. ಹತ್ತಾರು ವಿಷಯಗಳ ಪಟ್ಟಿ ಕೊಟ್ಟರೂ ಅಷ್ಟೇ.

ಕೊನೆಯ ಭಾಗ ಮುಂದಿನ ಯೋಜನೆಯದು. ಅದೂ ಅದೇ ದಾರದಲ್ಲಿ ಬರಬೇಕು: ಯಾವ ಕೆರೆಗೆ ನೀರು ಬಿಟ್ಟರೆ ಯಾವ ಊರಿನ ಬಾವಿಗೆ ಇಳಿಯುತ್ತದೆ ಎಂದು ಮೊದಲೇ ಹೇಳಬಲ್ಲ ಕೆಲಸ. ಒಂದು ಸೆಮಿಸ್ಟರಿನಲ್ಲಿ ಅಂಕ ಕುಸಿದಿದ್ದರೆ ಅದಕ್ಕೆ ಕಾರಣ ಹೇಳುವ ಒಂದೇ ವಾಕ್ಯ ಸಾಕು.

ಕಳಿಸುವ ಮುನ್ನ ಶಿಫಾರಸು ಪತ್ರ ಕೊಡುವ ಮೇಲಧಿಕಾರಿಗೆ ಈ ಕರಡನ್ನು ತೋರಿಸಬೇಕು. ‘ನಾನೇ ಅಳೆದೆ’ ಎಂದು ಎಸ್‌ಒಪಿ ಹೇಳಿ, ‘ಅಳತೆಗೆ ನೆರವಾದ’ ಎಂದು ಶಿಫಾರಸು ಪತ್ರ ಹೇಳಿದರೆ, ಎರಡನ್ನೂ ಒಟ್ಟಿಗೆ ಓದುವ ಸಮಿತಿ ಎರಡನ್ನೂ ನಂಬುವುದಿಲ್ಲ.