ಉಳಿಕೆಗಳ ಹರವು ಸಮವಲ್ಲದಾಗ: ರಿಗ್ರೆಶನ್‌ನಲ್ಲಿ ವಿಷಮ ಹರವಿನ ತಪಾಸಣೆ ಮತ್ತು ರೋಬಸ್ಟ್ ಮಾನಕ ದೋಷ

ಸಾರಾಂಶ

ರಿಗ್ರೆಶನ್ ಮಾದರಿಯ ಉಳಿಕೆಗಳ ಹರವು ಎಲ್ಲೆಡೆ ಸಮವಾಗಿಲ್ಲದಿದ್ದರೆ ಗುಣಾಂಕ ಕೆಡುವುದಿಲ್ಲ, ಅದರ ಮಾನಕ ದೋಷ ಕೆಡುತ್ತದೆ. ಹನ್ನೆರಡು ಅಳತೆಗಳ ಒಂದು ಕಲ್ಪಿತ ಉದಾಹರಣೆಯನ್ನು ಕೈಲೆಕ್ಕದಲ್ಲಿಯೇ ಬಿಡಿಸಿ, ಈ ಕೆಡುಕು ಎಲ್ಲಿಂದ ಬರುತ್ತದೆ, ಅದನ್ನು ಗುರುತಿಸುವುದು ಹೇಗೆ, ರೋಬಸ್ಟ್ ಮಾನಕ ದೋಷ ಅದನ್ನು ಎಷ್ಟರ ಮಟ್ಟಿಗೆ ಸರಿಪಡಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

1. ಊಹೆ ಮತ್ತು ಅದರ ಭಂಗ

ಓದುವ ಅವಧಿ, ಪ್ರತಿಕ್ರಿಯೆಯ ಅವಧಿ, ಸ್ವರದ ದೀರ್ಘತೆ ಮುಂತಾದ ಅಳತೆಗಳನ್ನು ವಿಶ್ಲೇಷಿಸುವಾಗ ನಾವು ರಿಗ್ರೆಶನ್‌ನಿಂದ ಎರಡು ಸಂಖ್ಯೆಗಳನ್ನು ಪಡೆಯುತ್ತೇವೆ. ಮೊದಲನೆಯದು ಗುಣಾಂಕ, ಪರಿಣಾಮದ ಗಾತ್ರ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಎರಡನೆಯದು ಮಾನಕ ದೋಷ. ಆ ಗಾತ್ರವನ್ನು ಎಷ್ಟು ನಂಬಬಹುದು ಎಂಬುದನ್ನು ಅದು ಹೇಳುತ್ತದೆ. p-ಮೌಲ್ಯ ಮತ್ತು ವಿಶ್ವಾಸಾಂತರಗಳೆರಡೂ ನಿಂತಿರುವುದು ಈ ಎರಡನೆಯ ಸಂಖ್ಯೆಯ ಮೇಲೆ.

ಸಾಮಾನ್ಯ ಲಘುತಮ ವರ್ಗ ವಿಧಾನದ ಮಾನಕ ದೋಷವು ಒಂದು ಊಹೆಯನ್ನು ಒಳಗೊಂಡಿದೆ. ವಿವರಿಸುವ ಚರದ ಬೆಲೆ ಏನೇ ಇರಲಿ, ಅಳತೆಗಳು ರೇಖೆಯ ಸುತ್ತ ಒಂದೇ ಪ್ರಮಾಣದಲ್ಲಿ ಹರಡಿರುತ್ತವೆ ಎಂಬುದೇ ಆ ಊಹೆ. ಭಾಷಿಕ ದತ್ತಾಂಶದಲ್ಲಿ ಇದು ಹಲವು ಬಾರಿ ಮುರಿಯುತ್ತದೆ. ನಾಲ್ಕು ಪದಗಳ ವಾಕ್ಯವನ್ನು ಬಹುತೇಕ ಎಲ್ಲರೂ ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಓದಿ ಮುಗಿಸಬಹುದು. ಹದಿನಾಲ್ಕು ಪದಗಳ ವಾಕ್ಯದಲ್ಲಿ ಒಬ್ಬರು ಸರಾಗವಾಗಿ ಸಾಗಿದರೆ ಇನ್ನೊಬ್ಬರು ಹಿಂದಿರುಗಿ ಓದುತ್ತಾರೆ. ಸರಾಸರಿ ಹೆಚ್ಚಿದಂತೆ ಹರವೂ ಹೆಚ್ಚುವ ಈ ಸ್ಥಿತಿಯನ್ನು ಸಂಖ್ಯಾಶಾಸ್ತ್ರದಲ್ಲಿ ಹೆಟೆರೊಸ್ಕೆಡಾಸ್ಟಿಸಿಟಿಯ ಒಂದು ರೂಪವೆಂದು ಗುರುತಿಸುತ್ತಾರೆ. ನಾವು ಇಲ್ಲಿ ಇದನ್ನು ‘ವಿಷಮ ಹರವು’ ಎಂದು ಕರೆಯುತ್ತೇವೆ.

2. ಒಂದು ಉದಾಹರಣೆ

ಲೆಕ್ಕವನ್ನು ಓದುಗರೇ ಪರಿಶೀಲಿಸಲು ಅನುಕೂಲವಾಗಲೆಂದು ಸಣ್ಣದೊಂದು ದತ್ತಾಂಶವನ್ನು ಕಲ್ಪಿಸಿಕೊಂಡಿದ್ದೇವೆ. ಹನ್ನೆರಡು ಮಂದಿ ಓದುಗರಿದ್ದಾರೆ. ಪ್ರತಿಯೊಬ್ಬರೂ ಓದಿರುವುದು ಒಂದೇ ಒಂದು ವಾಕ್ಯ. ಆರು ಮಂದಿಗೆ 4 ಪದಗಳ ವಾಕ್ಯ ಸಿಕ್ಕಿದೆ. ಅವರ ಅವಧಿ ಮೂವರಲ್ಲಿ 1.1 ಸೆಕೆಂಡು, ಉಳಿದ ಮೂವರಲ್ಲಿ 1.3 ಸೆಕೆಂಡು. ನಾಲ್ವರಿಗೆ 8 ಪದಗಳ ವಾಕ್ಯ; ಇಬ್ಬರಿಗೆ 1.7, ಇಬ್ಬರಿಗೆ 2.3 ಸೆಕೆಂಡು ಹಿಡಿದಿದೆ. ಕೊನೆಯ ಇಬ್ಬರಿಗೆ 14 ಪದಗಳ ವಾಕ್ಯ. ಅವರಲ್ಲಿ ಒಬ್ಬರು 2.2, ಇನ್ನೊಬ್ಬರು 4.2 ಸೆಕೆಂಡು ತೆಗೆದುಕೊಂಡಿದ್ದಾರೆ.

ಲಘುತಮ ವರ್ಗದ ರೇಖೆ y = 0.4 + 0.2x. ಅಂದರೆ ಪ್ರತಿ ಹೆಚ್ಚುವರಿ ಪದಕ್ಕೆ 0.2 ಸೆಕೆಂಡು. ಉಳಿಕೆಗಳ ಪ್ರಮಾಣ ಚಿಕ್ಕ ವಾಕ್ಯಗಳಲ್ಲಿ 0.1, ಮಧ್ಯಮ ವಾಕ್ಯಗಳಲ್ಲಿ 0.3, ದೀರ್ಘ ವಾಕ್ಯಗಳಲ್ಲಿ 1.0. ಇವುಗಳ ವರ್ಗಗಳ ಮೊತ್ತ 2.42, ಅದನ್ನು ಸ್ವಾತಂತ್ರ್ಯ ಪರಿಮಾಣವಾದ 10ರಿಂದ ಭಾಗಿಸಿದರೆ 0.242. x‌ನ ಸರಾಸರಿ 7. ಸರಾಸರಿಯಿಂದ x‌ನ ಅಂತರಗಳ ವರ್ಗಗಳ ಮೊತ್ತ 156. ಆದ್ದರಿಂದ ಗುಣಾಂಕದ ಸಾಮಾನ್ಯ ಮಾನಕ ದೋಷ √(0.242/156), ಅಂದರೆ 0.039, t-ಮೌಲ್ಯ 5.08. ಇಷ್ಟನ್ನೇ ನೋಡಿದರೆ ವಾಕ್ಯದ ಉದ್ದದ ಪರಿಣಾಮ ನಿಸ್ಸಂದೇಹವೆನಿಸುತ್ತದೆ.

ದೋಷ ಇರುವುದು 0.242 ಎಂಬ ಸಂಖ್ಯೆಯಲ್ಲಿ. ಅದು ಮೂರು ಗುಂಪುಗಳ ಹರವನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ ತೆಗೆದ ಸರಾಸರಿ. ಆದರೆ ರೇಖೆಯ ಇಳಿಜಾರನ್ನು ನಿರ್ಧರಿಸುವಲ್ಲಿ ಮೂರೂ ಗುಂಪುಗಳಿಗೆ ಸಮಾನ ಪಾತ್ರವಿಲ್ಲ. 156ರಲ್ಲಿ 98 ಭಾಗ, ಅಂದರೆ ಶೇ. 63ರಷ್ಟು, ಕೊನೆಯ ಎರಡೇ ಅಳತೆಗಳಿಂದ ಬಂದಿದೆ. ಇಳಿಜಾರನ್ನು ಹಿಡಿದು ನಿಲ್ಲಿಸಿರುವ ಆ ಜಾಗದಲ್ಲಿ ಉಳಿಕೆಯ ವರ್ಗ 1; ಸೂತ್ರ ಅಲ್ಲಿಗೂ 0.242 ಎಂದೇ ಭಾವಿಸುತ್ತದೆ. ಅನಿಶ್ಚಿತತೆ ಕಡಿಮೆಯಾಗಿ ಕಾಣುವುದು ಇದರಿಂದಲೇ. ಹರವು ತುದಿಗಳಲ್ಲಿ ಕಡಿಮೆಯಾಗಿ ನಡುವೆ ಹೆಚ್ಚಾಗಿದ್ದರೆ ತಪ್ಪು ವಿರುದ್ಧ ದಿಕ್ಕಿನಲ್ಲಿರುತ್ತದೆ: ಮಾನಕ ದೋಷ ಇರಬೇಕಾದುದಕ್ಕಿಂತ ದೊಡ್ಡದಾಗಿ ಬರುತ್ತದೆ.

3. ತಪಾಸಣೆ

ಮೊದಲ ತಪಾಸಣೆ ಕಣ್ಣಿನದು. ಅಡ್ಡ ಅಕ್ಷದಲ್ಲಿ ಮಾದರಿ ಅಂದಾಜಿಸಿದ ಬೆಲೆಗಳನ್ನೂ ಲಂಬ ಅಕ್ಷದಲ್ಲಿ ಉಳಿಕೆಗಳನ್ನೂ ಇಟ್ಟು ಚಿತ್ರ ಬರೆಯಬೇಕು. ಬಿಂದುಗಳು ಬೀಸಣಿಗೆಯಂತೆ ಒಂದು ಕಡೆಗೆ ಅಗಲವಾಗುತ್ತ ಹೋದರೆ ಅದು ವಿಷಮ ಹರವು. ಬಿಂದುಗಳು ಬಿಲ್ಲಿನಂತೆ ಬಾಗಿದ್ದರೆ ಸಮಸ್ಯೆ ಬೇರೆ: ಸರಳರೇಖೆಯೇ ತಪ್ಪು. ಈ ಎರಡನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಏಕೆಂದರೆ ಮುಂದೆ ಹೇಳುವ ಪರೀಕ್ಷೆಗಳು ಬಾಗಿದ ಸಂಬಂಧಕ್ಕೂ ಎಚ್ಚರಿಕೆಯ ಗಂಟೆ ಬಾರಿಸಬಲ್ಲವು, ಆದರೆ ರೋಬಸ್ಟ್ ಮಾನಕ ದೋಷ ಬಾಗಿದ ಸಂಬಂಧವನ್ನು ನೇರಗೊಳಿಸಲಾರದು.

ಔಪಚಾರಿಕ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ರೂಶ್ ಮತ್ತು ಪೇಗನ್ 1979ರಲ್ಲಿ ಪ್ರಕಟಿಸಿದ್ದು. ಅದಕ್ಕೆ ಕೋಯೆಂಕರ್ 1981ರಲ್ಲಿ ನೀಡಿದ ತಿದ್ದುಪಡಿಯ ತರ್ಕ ಸರಳವಾಗಿದೆ. ಉಳಿಕೆಗಳ ವರ್ಗಗಳನ್ನೇ ಹೊಸ ಅಳತೆಯಾಗಿ ತೆಗೆದುಕೊಂಡು x‌ನ ಮೇಲೆ ಮತ್ತೊಂದು ರಿಗ್ರೆಶನ್ ನಡೆಸಬೇಕು. ಅದರ R² ಅನ್ನು ಅಳತೆಗಳ ಸಂಖ್ಯೆಯಿಂದ ಗುಣಿಸಬೇಕು. ನಮ್ಮ ಉದಾಹರಣೆಯಲ್ಲಿ R² 0.834, 12ರಿಂದ ಗುಣಿಸಿದರೆ 10.01. ಒಂದು ಸ್ವಾತಂತ್ರ್ಯ ಪರಿಮಾಣದ ಕೈ-ವರ್ಗ ವಿತರಣೆಯಲ್ಲಿ ಶೇ. 5ರ ಗಡಿ 3.84, ಆದ್ದರಿಂದ ಸಮ ಹರವಿನ ಊಹೆ ನಿಲ್ಲುವುದಿಲ್ಲ. ವೈಟ್ 1980ರಲ್ಲಿ ಸೂಚಿಸಿದ ಪರೀಕ್ಷೆ ಈ ಎರಡನೆಯ ರಿಗ್ರೆಶನ್‌ಗೆ ಚರಗಳ ವರ್ಗಗಳನ್ನೂ ಪರಸ್ಪರ ಗುಣಲಬ್ಧಗಳನ್ನೂ ಸೇರಿಸಿ, ಹರವಿನ ಇನ್ನೂ ಹಲವು ಆಕಾರಗಳನ್ನು ಹಿಡಿಯಲು ಯತ್ನಿಸುತ್ತದೆ.

ಪರೀಕ್ಷೆಯ ಫಲಿತಾಂಶವನ್ನು ಬಾಗಿಲುಗಾವಲಿನಂತೆ ಬಳಸುವುದನ್ನು ನಾವು ಒಪ್ಪುವುದಿಲ್ಲ. ‘p 0.05ಕ್ಕಿಂತ ಹೆಚ್ಚಿದೆ, ಆದ್ದರಿಂದ ಸಾಮಾನ್ಯ ಮಾನಕ ದೋಷ ಸಾಕು’ ಎಂಬ ವಾದ ದುರ್ಬಲ. ಸಣ್ಣ ದತ್ತಾಂಶದಲ್ಲಿ ಈ ಪರೀಕ್ಷೆಗಳಿಗೆ ವಿಷಮ ಹರವನ್ನು ಪತ್ತೆಹಚ್ಚುವ ಶಕ್ತಿ ಕಡಿಮೆ. ಮಾನಕ ದೋಷ ಕೆಟ್ಟಾಗ ಹೆಚ್ಚು ಹಾನಿಯಾಗುವುದೂ ಅಲ್ಲಿಯೇ. ಲಾಂಗ್ ಮತ್ತು ಎರ್ವಿನ್ 2000ರ ತಮ್ಮ ಸಿಮ್ಯುಲೇಶನ್ ಅಧ್ಯಯನದಲ್ಲಿ ಇಂಥ ಪೂರ್ವಪರೀಕ್ಷೆಯನ್ನು ಆಧರಿಸಿ ತೀರ್ಮಾನಿಸುವುದರ ವಿರುದ್ಧ ಸಲಹೆ ನೀಡಿದ್ದಾರೆ.

4. ರೋಬಸ್ಟ್ ಮಾನಕ ದೋಷ: HC0ಯಿಂದ HC3ವರೆಗೆ

ವೈಟ್ ಅವರ 1980ರ ಲೇಖನದಿಂದ ಪ್ರಚಾರಕ್ಕೆ ಬಂದ ಪರಿಹಾರದ ಮೂಲ ಹೀಗಿದೆ: ಎಲ್ಲ ಅಳತೆಗಳಿಗೂ ಒಂದೇ ಹರವನ್ನು ಹಂಚುವ ಬದಲು, ಪ್ರತಿ ಅಳತೆಗೂ ಅದರದೇ ಉಳಿಕೆಯ ವರ್ಗವನ್ನು ಉಳಿಸಿಕೊಳ್ಳುವುದು. ಒಂದೇ ಚರವಿರುವಾಗ ಇಳಿಜಾರಿನ ವೇರಿಯನ್ಸ್‌ನ ಸೂತ್ರ ಇದು:

Σ(xᵢ − x̄)² eᵢ² / [Σ(xᵢ − x̄)²]²

ಅಂಶಕ್ಕೆ ಚಿಕ್ಕ ವಾಕ್ಯಗಳು 0.54, ಮಧ್ಯಮ ವಾಕ್ಯಗಳು 0.36, ದೀರ್ಘ ವಾಕ್ಯಗಳು 98 ಸೇರಿಸುತ್ತವೆ, ಒಟ್ಟು 98.9. ಛೇದ 156ರ ವರ್ಗ, ಅಂದರೆ 24336. ಭಾಗಲಬ್ಧದ ವರ್ಗಮೂಲ 0.064. ಇದನ್ನು HC0 ಎನ್ನುತ್ತಾರೆ. ಅನಿಶ್ಚಿತತೆ ಎಲ್ಲಿಂದ ಬರುತ್ತಿದೆ ಎಂಬುದು ಈ ಅಂಶದಲ್ಲಿಯೇ ಸ್ಪಷ್ಟವಾಗಿದೆ.

HC0 ದೊಡ್ಡ ದತ್ತಾಂಶಕ್ಕೆ ತಕ್ಕ ಸೂತ್ರ. ಸಣ್ಣ ದತ್ತಾಂಶದಲ್ಲಿ ಅದು ಕಡಿಮೆ ತೋರಿಸುವ ಕಡೆಗೆ ವಾಲುತ್ತದೆ. ತುದಿಯಲ್ಲಿರುವ ಬಿಂದು ರೇಖೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಅದರ ಉಳಿಕೆ ನಿಜವಾದ ವಿಚಲನೆಗಿಂತ ಕುಗ್ಗಿರುತ್ತದೆ. ಈ ಎಳೆತದ ಅಳತೆಯೇ ಲೆವರೇಜ್, ಸಂಕೇತ h. ಮೆಕಿನನ್ ಮತ್ತು ವೈಟ್ 1985ರಲ್ಲಿ ಚರ್ಚಿಸಿದ ತಿದ್ದುಪಡಿಗಳಿಂದ ಬೆಳೆದು ಇಂದು ಬಳಕೆಯಲ್ಲಿರುವ HC3 ಪ್ರತಿ ಉಳಿಕೆಯನ್ನೂ (1 − h) ನಿಂದ ಭಾಗಿಸಿ, ಅನಂತರ ವರ್ಗ ಮಾಡುತ್ತದೆ. ಹೀಗೆ ಭಾಗಿಸಿದ ಉಳಿಕೆ, ಆ ಬಿಂದುವನ್ನು ಬಿಟ್ಟು ರೇಖೆ ಎಳೆದಿದ್ದರೆ ಬಿಂದು ರೇಖೆಯಿಂದ ಎಷ್ಟು ದೂರ ಇರುತ್ತಿತ್ತೋ ಅಷ್ಟೇ ಆಗಿರುತ್ತದೆ. ನಮ್ಮ ದೀರ್ಘ ವಾಕ್ಯಗಳ h ಸುಮಾರು 0.40, ಅವುಗಳ ಉಳಿಕೆ 1.0ರಿಂದ 1.66ಕ್ಕೆ ಏರುತ್ತದೆ. ಚಿಕ್ಕ ವಾಕ್ಯಗಳ h ಕೇವಲ 0.14.

| ವಿಧಾನ | ಮಾನಕ ದೋಷ | t |
|---|---|---|
| ಸಾಮಾನ್ಯ | 0.039 | 5.08 |
| HC0 | 0.064 | 3.14 |
| HC3 | 0.106 | 1.89 |

ಗುಣಾಂಕ ಮೂರೂ ಸಾಲುಗಳಲ್ಲಿ 0.2 ಆಗಿಯೇ ಇದೆ. ಆದರೆ 10 ಸ್ವಾತಂತ್ರ್ಯ ಪರಿಮಾಣಕ್ಕೆ t‌ನ ಗಡಿ 2.23. ಸಾಮಾನ್ಯ ವಿಧಾನದ ಶೇ. 95ರ ವಿಶ್ವಾಸಾಂತರ 0.11ರಿಂದ 0.29, HC3ಯ ವಿಶ್ವಾಸಾಂತರ −0.04ರಿಂದ 0.44, ಸೊನ್ನೆಯನ್ನು ಒಳಗೊಂಡಿದೆ. ‘ಉದ್ದದ ಪರಿಣಾಮ ಸಿದ್ಧವಾಗಿದೆ’ ಎಂದು ಬರೆಯಬೇಕೋ ಬೇಡವೋ ಎಂಬುದು ಈ ಆಯ್ಕೆಯನ್ನು ಅವಲಂಬಿಸಿದೆ. ಅಳತೆಗಳು 250 ಅಥವಾ ಅದಕ್ಕಿಂತ ಕಡಿಮೆಯಿದ್ದರೆ HC3 ಬಳಸಬೇಕೆಂಬುದು ಲಾಂಗ್ ಮತ್ತು ಎರ್ವಿನ್ ಅವರ ಶಿಫಾರಸು.

R‌ನಲ್ಲಿ ಇಡೀ ಲೆಕ್ಕ ಹೀಗಾಗುತ್ತದೆ:

```
library(lmtest); library(sandwich)
x <- rep(c(4, 8, 14), times = c(6, 4, 2))
y <- c(1.1, 1.1, 1.1, 1.3, 1.3, 1.3,
       1.7, 1.7, 2.3, 2.3, 2.2, 4.2)
m <- lm(y ~ x)
bptest(m)
coeftest(m, vcov. = vcovHC(m, type = "HC3"))
```

ಇಲ್ಲಿ `bptest` ತಾನಾಗಿ ಕೊಡುವುದು ಕೋಯೆಂಕರ್ ರೂಪವನ್ನು. ತಂತ್ರಾಂಶ ಬದಲಾದರೆ ಪೂರ್ವನಿಗದಿತ ಆಯ್ಕೆಯೂ ಬದಲಾಗಬಹುದು: `vcovHC` ಏನನ್ನೂ ಹೇಳದಿದ್ದರೆ HC3 ಕೊಡುತ್ತದೆ, ಸ್ಟೇಟಾದ `regress` ಆಜ್ಞೆಯ ಜೊತೆ `robust` ಎಂದರೆ ಬರುವುದು HC1, ಅಂದರೆ HC0ಯ ವೇರಿಯನ್ಸ್ ಅನ್ನು n/(n − k) ನಿಂದ ಗುಣಿಸಿದ ರೂಪ. ‘ರೋಬಸ್ಟ್ ಮಾನಕ ದೋಷ ಬಳಸಲಾಗಿದೆ’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯುವುದಿಲ್ಲ.

5. ಮಿತಿಗಳು

ರೋಬಸ್ಟ್ ಮಾನಕ ದೋಷವನ್ನು ರೋಬಸ್ಟ್ ರಿಗ್ರೆಶನ್‌ನೊಂದಿಗೆ ಬೆರೆಸಬಾರದು. ಎರಡನೆಯದು ಹೊರಬಿದ್ದ ಬಿಂದುಗಳ ತೂಕವನ್ನು ಕುಗ್ಗಿಸಿ ರೇಖೆಯನ್ನೇ ಬದಲಿಸುತ್ತದೆ. ಮೊದಲನೆಯದು ರೇಖೆಯನ್ನು ಮುಟ್ಟುವುದಿಲ್ಲ. ಅವಧಿಯ ಲಾಗರಿದಮ್ ತೆಗೆದುಕೊಳ್ಳುವುದೂ ಬೇರೆಯೇ ಹೆಜ್ಜೆ. ಹಲವು ಬಾರಿ ಅದು ಬೀಸಣಿಗೆಯನ್ನು ಮಡಚುತ್ತದೆ, ಆದರೆ ಪ್ರಶ್ನೆಯನ್ನೂ ಬದಲಿಸುತ್ತದೆ: ‘ಪ್ರತಿ ಪದಕ್ಕೆ ಎಷ್ಟು ಸೆಕೆಂಡು’ ಎಂಬುದು ‘ಪ್ರತಿ ಪದಕ್ಕೆ ಶೇಕಡಾ ಎಷ್ಟು’ ಎಂದಾಗುತ್ತದೆ. ಯಾವುದು ನಮ್ಮ ಸಂಶೋಧನೆಯ ಪ್ರಶ್ನೆಯೋ ಅದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಭಾಷಾವಿಜ್ಞಾನಿಗಳಿಗೆ ಹೆಚ್ಚು ಅಪಾಯಕಾರಿಯಾದ ಮಿತಿ ಇನ್ನೊಂದಿದೆ. ಮೇಲಿನ ಉದಾಹರಣೆಯಲ್ಲಿ ಒಬ್ಬ ಓದುಗರಿಗೆ ಒಂದೇ ವಾಕ್ಯ ಎಂದು ಬೇಕೆಂದೇ ಇಟ್ಟೆವು. ನಮ್ಮ ಕ್ಷೇತ್ರದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ಹಲವು ವಾಕ್ಯಗಳನ್ನು ಓದುತ್ತಾರೆ. ಅವರ ಅಳತೆಗಳು ಒಂದಕ್ಕೊಂದು ನಂಟು ಹೊಂದಿರುತ್ತವೆ. HC ಕುಟುಂಬದ ಸೂತ್ರಗಳು ಹರವಿನ ವಿಷಮತೆಯನ್ನು ಸಹಿಸುತ್ತವೆ, ಈ ನಂಟನ್ನಲ್ಲ. ಅಂಥಲ್ಲಿ ಮಿಶ್ರ ಪರಿಣಾಮಗಳ ಮಾದರಿ ಅಥವಾ ಓದುಗರನ್ನು ಗುಂಪಾಗಿಸಿದ ಕ್ಲಸ್ಟರ್ ಮಾನಕ ದೋಷ ಬೇಕು. ಎರಡನೆಯದು ವಿಶ್ವಾಸಾರ್ಹವಾಗಲು ಗುಂಪುಗಳ ಸಂಖ್ಯೆ ಸಾಕಷ್ಟಿರಬೇಕು. ಹತ್ತು ಮಂದಿಯಿಂದ ಸಾವಿರ ಅಳತೆ ಪಡೆದರೂ ಗುಂಪುಗಳು ಹತ್ತೇ.

ಕೊನೆಯದಾಗಿ, ನಮ್ಮ ಉದಾಹರಣೆಯ HC3 ಮೌಲ್ಯವೂ ಬಹುಮಟ್ಟಿಗೆ ಎರಡು ಉಳಿಕೆಗಳ ಮೇಲೆ ನಿಂತಿದೆ. ಅದೂ ಒಂದು ಅಂದಾಜು ಮಾತ್ರ. ಇಲ್ಲಿ ನಿಜವಾದ ಪರಿಹಾರ ಸೂತ್ರದಲ್ಲಿಲ್ಲ, ಇನ್ನಷ್ಟು ಮಂದಿಗೆ ದೀರ್ಘ ವಾಕ್ಯಗಳನ್ನು ಓದಲು ಕೊಡುವುದರಲ್ಲಿದೆ. ಅದು ಸಾಧ್ಯವಾಗುವವರೆಗೆ ವರದಿಯ ವಾಕ್ಯ ಹೀಗಿರಬಹುದು: ‘ಉಳಿಕೆಗಳ ಹರವು ವಾಕ್ಯದ ಉದ್ದದೊಂದಿಗೆ ಹೆಚ್ಚುತ್ತದೆ (ಬ್ರೂಶ್–ಪೇಗನ್ ಪರೀಕ್ಷೆ, ಕೋಯೆಂಕರ್ ರೂಪ, 10.01). ಆದ್ದರಿಂದ HC3 ಮಾನಕ ದೋಷ ನೀಡಿದ್ದೇವೆ: b = 0.20, ಮಾನಕ ದೋಷ 0.106, ಶೇ. 95ರ ವಿಶ್ವಾಸಾಂತರ −0.04ರಿಂದ 0.44. ಸಾಮಾನ್ಯ ಮಾನಕ ದೋಷ 0.039.’ ಎರಡೂ ಮಾನಕ ದೋಷಗಳನ್ನು ಜೊತೆಯಲ್ಲಿ ಕೊಟ್ಟರೆ ಅವುಗಳ ನಡುವಿನ ಅಂತರವೇ ದತ್ತಾಂಶದ ಸ್ಥಿತಿಯನ್ನು ಓದುಗರಿಗೆ ತಿಳಿಸುತ್ತದೆ.