ತಾರಸಿಯ ಮೇಲಿನ ಮೊಬೈಲ್ ಗೋಪುರ: ತೆರವಿನ ಹೊಣೆ ಯಾರದು?

ಮೊಬೈಲ್ ಗೋಪುರಕ್ಕಾಗಿ ತಾರಸಿಯನ್ನು ಬಾಡಿಗೆಗೆ ಕೇಳಿಕೊಂಡು ಬರುವ ಕಂಪನಿಯು ಕರಾರುಪತ್ರವನ್ನು ಮುದ್ರಿಸಿಕೊಂಡೇ ಬರುತ್ತದೆ. ವರ್ತಕರು ಅದರಲ್ಲಿ ಬಾಡಿಗೆ ಮತ್ತು ಅವಧಿಯ ಸಾಲುಗಳನ್ನು ಓದಿ ಸಹಿ ಹಾಕುವುದೇ ಹೆಚ್ಚು. ಕಟ್ಟಡದ ಮಾಲೀಕರು ಹದಿನೈದು ವರ್ಷ ಬಿಡುವಂತಿಲ್ಲ, ಕಂಪನಿಯು ಮಾತ್ರ ಮೂರು ತಿಂಗಳ ನೋಟೀಸು ನೀಡಿ ಹೊರಡಬಹುದು ಎಂಬ ಷರತ್ತು ಇಂತಹ ಪತ್ರಗಳಲ್ಲಿ ಅಪರೂಪವಲ್ಲ. ಹೊರಡುವಾಗ ಗೋಪುರವನ್ನು ಎಷ್ಟು ದಿನಗಳಲ್ಲಿ, ಯಾರ ಖರ್ಚಿನಲ್ಲಿ ಇಳಿಸಬೇಕೆಂಬ ವಿಷಯದಲ್ಲಿ ಪತ್ರವು ಮೌನವಾಗಿದ್ದರೆ ತೊಂದರೆ ಆರಂಭವಾಗುವುದು ಅಲ್ಲಿಂದಲೇ.

ಇದು ಕೇವಲ ಊಹೆಯ ಮಾತಲ್ಲ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 122 ದೂರಸಂಪರ್ಕ ಪರವಾನಗಿಗಳನ್ನು ರದ್ದುಪಡಿಸಿತು. 2018ರಲ್ಲಿ ಏರ್‌ಸೆಲ್ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಗೋಪುರದ ಒಡೆತನ ಹೊಂದಿರುವ ಕಂಪನಿಗೆ ಆದಾಯ ಬರುವುದು ಅದರ ಮೇಲೆ ಆಂಟೆನಾ ಇರಿಸುವ ಇಂತಹ ಸೇವಾ ಸಂಸ್ಥೆಗಳಿಂದಲೇ. ಅವು ನಿಂತರೆ ಗೋಪುರದ ಕಂಪನಿಯೂ ತಾರಸಿಯ ಬಾಡಿಗೆಯನ್ನು ನಿಲ್ಲಿಸುವ ಸ್ಥಿತಿಗೆ ಬರುತ್ತದೆ.

ಒಂದು ನಿದರ್ಶನವನ್ನು ಪರಿಶೀಲಿಸಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಎರಡಂತಸ್ತಿನ ಸ್ವಂತ ಕಟ್ಟಡವುಳ್ಳ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ತಿಂಗಳಿಗೆ ರೂ. 15,000ದಂತೆ, ಮೂರು ವರ್ಷಕ್ಕೊಮ್ಮೆ ಶೇ. 15ರಷ್ಟು ಹೆಚ್ಚಳದೊಂದಿಗೆ 15 ವರ್ಷಕ್ಕೆ ತಾರಸಿ ನೀಡಿದ್ದಾರೆ ಎಂದಿಟ್ಟುಕೊಳ್ಳಬಹುದು. ಕಾಗದದ ಮೇಲೆ ಒಟ್ಟು ಬಾಡಿಗೆ ಸುಮಾರು ರೂ. 36.4 ಲಕ್ಷ. ಮೂರು ತಿಂಗಳ ಬಾಡಿಗೆಯಾದ ರೂ. 45,000 ಠೇವಣಿಯಾಗಿದೆ. ಮೂರನೆಯ ವರ್ಷದಲ್ಲಿ ಕಂಪನಿಯು ಆರು ತಿಂಗಳ ಬಾಡಿಗೆ, ಅಂದರೆ ರೂ. 90,000 ಬಾಕಿ ಉಳಿಸಿ ಪತ್ರಗಳಿಗೆ ಉತ್ತರಿಸುವುದನ್ನೂ ನಿಲ್ಲಿಸುತ್ತದೆ. ಗೋಪುರ, ಜನರೇಟರ್ ಮತ್ತು ಬ್ಯಾಟರಿಗಳನ್ನು ಇಳಿಸಲು ಗುತ್ತಿಗೆದಾರರು ರೂ. 1,20,000 ಕೇಳುತ್ತಾರೆ. ಒಟ್ಟು ರೂ. 2,10,000ದಲ್ಲಿ ಠೇವಣಿ ಕಳೆದರೆ ರೂ. 1,65,000 ಮಾಲೀಕರ ಕೈಯಿಂದಲೇ ಹೋಗಬೇಕು.

ಹಣ ಖರ್ಚು ಮಾಡಲು ಸಿದ್ಧರಿದ್ದರೂ ಅವರು ಗೋಪುರವನ್ನು ಗುಜರಿಗೆ ಹಾಕುವಂತಿಲ್ಲ. ಅದು ಕಂಪನಿಯ ಆಸ್ತಿ. ಬಹುಶಃ ಬ್ಯಾಂಕಿಗೆ ಅಡಮಾನವೂ ಆಗಿರುತ್ತದೆ. ದಿವಾಳಿ ಸಂಹಿತೆಯ 14ನೆಯ ಪ್ರಕರಣದನ್ವಯ ತಡೆಯಾಜ್ಞೆ ಜಾರಿಯಾದರೆ, ಕಂಪನಿಯ ವಶದಲ್ಲಿರುವ ಜಾಗವನ್ನು ಮಾಲೀಕರು ಮರಳಿ ಪಡೆಯುವುದಕ್ಕೂ ಅಡ್ಡಿಯಾಗುತ್ತದೆ. ತಡೆಯಾಜ್ಞೆಯ ಅವಧಿಯ ಬಾಡಿಗೆಯನ್ನು ಪ್ರಕ್ರಿಯೆಯ ವೆಚ್ಚವಾಗಿ ಕೇಳಲು ಅವಕಾಶವುಂಟು. ಹಳೆಯ ಬಾಕಿಯಾದರೋ ಇತರ ಸಾಲಗಾರರ ಸರದಿಯಲ್ಲಿ ನಿಲ್ಲಬೇಕು.

ಠೇವಣಿಯಿಂದ ಬಾಕಿಯನ್ನು ಮುರಿದುಕೊಳ್ಳುವ ವಿಷಯದಲ್ಲೂ ಕಾಲದ ಮಹತ್ವವಿದೆ. ಪ್ರಕ್ರಿಯೆ ಆರಂಭವಾದ ಮೇಲೆ ಪರಸ್ಪರ ಬಾಕಿಗಳನ್ನು ಮುರಿದುಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ, ಏರ್‌ಸೆಲ್‌ಗೆ ಸಂಬಂಧಿಸಿದ ಪ್ರಕರಣದಲ್ಲಿಯೇ ತೀರ್ಪಿತ್ತಿದೆ. ಕರಾರಿನ ಬಲದಿಂದ ಅದಕ್ಕೆ ಮೊದಲೇ ಜಾರಿಗೆ ಬಂದ ಹೊಂದಾಣಿಕೆ ಇದಕ್ಕೆ ಅಪವಾದ. ಆದುದರಿಂದ ಬಾಡಿಗೆ ತಪ್ಪಿದ ತಿಂಗಳಲ್ಲೇ ಠೇವಣಿಯಿಂದ ಮುರಿದುಕೊಳ್ಳುವ, ಕೊರತೆಯನ್ನು ಕಂಪನಿಯು ಹದಿನೈದು ದಿನಗಳಲ್ಲಿ ತುಂಬಿಕೊಡುವ ಷರತ್ತನ್ನು ಬರೆಸುವುದು ಲೇಸು. ಮುರಿದುಕೊಂಡದ್ದನ್ನು ಅಂದೇ ಲಿಖಿತವಾಗಿ ತಿಳಿಸಬೇಕು. ಠೇವಣಿಯ ಮೊತ್ತವನ್ನೂ ಬಾಡಿಗೆಯ ತಿಂಗಳುಗಳಿಂದ ಅಳೆಯುವ ಬದಲು ತೆರವಿನ ಖರ್ಚಿಗೆ ಆರು ತಿಂಗಳ ಬಾಡಿಗೆ ಸೇರಿಸಿ ನಿಗದಿಪಡಿಸಬೇಕು. ಮೇಲಿನ ನಿದರ್ಶನದಲ್ಲಿ ಅದು ರೂ. 2,10,000 ಆಗುತ್ತದೆ. ಕಂಪನಿಯು ಅಷ್ಟು ನಗದು ಕೊಡಲು ಹಿಂಜರಿಯುವುದು ಸಹಜ. ಆಗ ತೆರವಿನ ಭಾಗಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ಅದರ ಅವಧಿ ಮುಗಿಯುವ ಮುನ್ನವೇ ನವೀಕರಣವಾಗಿದೆಯೇ ಎಂದು ನೋಡಿಕೊಳ್ಳುವ ಕೆಲಸ ಮಾತ್ರ ಮಾಲೀಕರದೇ.

ಬಾಡಿಗೆಯು ನೋಟೀಸಿನ ಅವಧಿ ಮುಗಿದ ದಿನಕ್ಕೆ ನಿಲ್ಲದೆ, ಕೊನೆಯ ಬೋಲ್ಟು ಇಳಿದು ತಾರಸಿ ಒಪ್ಪಿಸಿದ ದಿನದವರೆಗೆ ಸಲ್ಲಬೇಕೆಂಬ ವಾಕ್ಯವೂ ಅಗತ್ಯ. ಮಾಲೀಕರಿಗೆ ಮೇಲಂತಸ್ತು ಕಟ್ಟುವ ಇರಾದೆಯಿದ್ದರೆ ಆರು ತಿಂಗಳ ನೋಟೀಸಿನ ಮೇಲೆ ಬಿಡಿಸಿಕೊಳ್ಳುವ ಹಕ್ಕನ್ನು ಸಹಿಗೆ ಮೊದಲೇ ಪಡೆಯಬೇಕು.

ಪ್ರವೇಶದ ಷರತ್ತು ಚಿಕ್ಕದಾಗಿ ಕಂಡರೂ ದಿನನಿತ್ಯದ ಕಿರಿಕಿರಿ ಅದರಿಂದಲೇ. ‘ದಿನದ ಇಪ್ಪತ್ತನಾಲ್ಕು ಗಂಟೆಯೂ’ ಎಂದು ಬರೆದುಕೊಟ್ಟರೆ ನಡುರಾತ್ರಿ ಗೋದಾಮಿನ ಷಟರ್ ತೆರೆಯಬೇಕಾದೀತು. ಹೊರಗಿನ ಮೆಟ್ಟಿಲಿನಿಂದ ಮಾತ್ರ ಪ್ರವೇಶ, ಡೀಸೆಲ್ ತುಂಬುವುದು ಹಗಲಿನಲ್ಲಿ ಮಾತ್ರ ಎಂದು ಮಿತಿಗೊಳಿಸಬಹುದು. ಡೀಸೆಲ್ ಇರಿಸುವ ಸಂಗತಿಯನ್ನು ಅಗ್ನಿ ವಿಮಾ ಕಂಪನಿಗೆ ತಿಳಿಸದಿದ್ದರೆ ಮುಂದೆ ಕ್ಲೇಮಿಗೆ ತೊಡಕಾಗಬಹುದು.

ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ನೋಂದಣಿಯಾಗದ ಪತ್ರದ ಷರತ್ತುಗಳನ್ನು ನ್ಯಾಯಾಲಯದಲ್ಲಿ ಸ್ಥಾಪಿಸುವುದು ದುಸ್ತರವಾದುದರಿಂದ ಮುದ್ರಾಂಕ ಶುಲ್ಕ ಉಳಿಸುವುದು ಇಲ್ಲಿ ದುಬಾರಿಯಾದೀತು.

ಗೋಪುರ ಇಳಿದ ಮೇಲೆ ಪೆಡೆಸ್ಟಲ್‌ಗಳ ಬುಡದಲ್ಲಿ, ಬೋಲ್ಟು ಕಿತ್ತ ರಂಧ್ರಗಳಲ್ಲಿ ನೀರು ಇಳಿಯುವುದುಂಟು. ಬೇಸಿಗೆಯಲ್ಲಿ ಒಪ್ಪಿಸಿಕೊಂಡ ತಾರಸಿಯಲ್ಲಿ ಇದು ಕಾಣದು. ಆದ್ದರಿಂದ ಠೇವಣಿಯ ಒಂದು ಭಾಗವನ್ನು ಒಂದು ಮಳೆಗಾಲ ಕಳೆದ ನಂತರ, ಸೋರಿಕೆ ಇಲ್ಲವೆಂದು ಉಭಯಪಕ್ಷಗಳೂ ಸಹಿ ಹಾಕಿದ ಬಳಿಕವೇ ಹಿಂತಿರುಗಿಸತಕ್ಕದ್ದು ಎಂದು ಕರಾರಿನಲ್ಲಿ ನಮೂದಿಸಬಹುದು.